ಗೇಮಿಂಗ್ ಪಿಸಿಗಳ ವಾರದ ನಿರ್ವಹಣೆ ಹಾಳೆಯಲ್ಲಷ್ಟೇ ಆಗುತ್ತಿರುವ ಬಗ್ಗೆ ದೂರು

ಇಂದ:
ಗೇಮಿಂಗ್ ಸೆಂಟರ್ ಮಾಲೀಕರು,
ದಾವಣಗೆರೆ

ಗೆ:
ಸರ್ವಿಸ್ ಮ್ಯಾನೇಜರ್,
ಕಂಪ್ಯೂಟರ್ ನಿರ್ವಹಣೆ ವಿಭಾಗ

ವಿಷಯ: ವಾರದ ತಪಾಸಣೆ ಸರಿಯಾಗಿ ಮಾಡದಿರುವುದು, ಅದರಿಂದ 4ನೇ ನಂಬರ್ ಮಷಿನ್‌ಗೆ ಆದ ತೊಂದರೆ

ಮಾನ್ಯರೇ,

ನಮ್ಮ ಸೆಂಟರ್‌ನ ಪಿಸಿಗಳನ್ನು ನೋಡಿಕೊಳ್ಳಲು ನಿಮ್ಮ ಜೊತೆ ವರ್ಷದ ಒಪ್ಪಂದ ಮಾಡಿಕೊಂಡಿದ್ದೇನೆ. ಪ್ರತಿ ಸೋಮವಾರ ಬೆಳಿಗ್ಗೆ ನಿಮ್ಮ ಟೆಕ್ನಿಷಿಯನ್ ಬರುತ್ತಾರೆ, ಒಂದು ಹಾಳೆ ತುಂಬಿ ಸಹಿ ಹಾಕಿ ಹೋಗುತ್ತಾರೆ. ಅದರಲ್ಲಿ ನಾಲ್ಕು ಸಾಲುಗಳಿವೆ: ಧೂಳು, ಅಪ್‌ಡೇಟ್, ಖಾಲಿ ಜಾಗ, ಟೆಂಪರೇಚರ್. ಪ್ರತಿ ವಾರವೂ ಎಲ್ಲ ಮಷಿನ್‌ಗೂ ನಾಲ್ಕಕ್ಕೆ ನಾಲ್ಕೂ ಟಿಕ್ ಆಗಿರುತ್ತವೆ. ಆದರೆ 4ನೇ ಮಷಿನ್‌ನಲ್ಲಿ ಕೂತವರು ಅರ್ಧ ಗಂಟೆ ಆದಮೇಲೆ ಗೇಮ್ ತಡವರಿಸುತ್ತಿದೆ ಅಂತ ಎದ್ದು ಬರುತ್ತಿದ್ದರು. ನಿಮಗೆ ಫೋನ್ ಮಾಡಿದಾಗ ಮೊದಲು "ಬೇಸಿಗೆ ಸರ್, ಹಾಗೇ ಆಗುತ್ತೆ" ಅಂದರು. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಹೊಸದು ಹಾಕಿಸಿ ಅಂತ ರೇಟ್ ಕಳಿಸಿದರು. ಕಾರ್ಡ್ ಹೋಗಿರಲಿಲ್ಲ. ನಾನೇ ಬಿಚ್ಚಿ ನೋಡಿದ ಮೇಲೆ ಏನು ಸಿಕ್ಕಿತು ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಮೊದಲು ಟೆಂಪರೇಚರ್ ವಿಷಯ. 4ನೇ ಮಷಿನ್‌ನ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060. ನಿಮ್ಮ ಹಾಳೆಗಳಲ್ಲಿ ಅದರ ಶಾಖ 41, 40, 42 ಡಿಗ್ರಿ ಅಂತ ಬರೆದಿದೆ. ಇದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ, ಮಷಿನ್ ಈಗಷ್ಟೇ ಆನ್ ಆಗಿ ಸುಮ್ನೆ ಕೂತಿರುವಾಗ ತೆಗೆದ ಲೆಕ್ಕ ಅದು. ಆಗ ಕಾರ್ಡ್‌ಗೆ ಕೆಲಸವೇ ಇರುವುದಿಲ್ಲ. ಒಳಗೆ ಎಷ್ಟೇ ಧೂಳು ಕಟ್ಟಿದ್ದರೂ ಆ ಅಂಕಿ ಚೆನ್ನಾಗೇ ಕಾಣುತ್ತದೆ. ಗೇಮಿಂಗ್ ಪಿಸಿಯ ಶಾಖ ನೋಡಬೇಕಾದರೆ ಭಾರದ ಗೇಮ್ ಹಾಕಿ, ಅರ್ಧ ಗಂಟೆ ಆಡಿಸಿ, ಆಟ ನಡೆಯುತ್ತಿರುವಾಗಲೇ ನೋಡಬೇಕು. ನಾನು ಮಾಡಿದ್ದು ಅಷ್ಟೇ. ಇದಕ್ಕೆ ಬೇರೆ ಸಾಫ್ಟ್‌ವೇರ್ ಕೂಡ ಬೇಕಿಲ್ಲ. ಎನ್‌ವಿಡಿಯಾ ಡ್ರೈವರ್ ಜೊತೆಗೇ ಬರುವ ಈ ಕಮಾಂಡ್ ಸಾಕು:

```
nvidia-smi --query-gpu=temperature.gpu,clocks.gr,fan.speed --format=csv -l 5
```

ಐದು ಸೆಕೆಂಡಿಗೊಮ್ಮೆ ಶಾಖ, ಕಾರ್ಡ್ ಓಡುತ್ತಿರುವ ವೇಗ, ಫ್ಯಾನ್ ಎಷ್ಟು ಶೇಕಡಾ ತಿರುಗುತ್ತಿದೆ ಅನ್ನುವ ಮೂರನ್ನೂ ತೋರಿಸುತ್ತದೆ. Ctrl+C ಒತ್ತಿದರೆ ನಿಲ್ಲುತ್ತದೆ. ಆವತ್ತು ರೂಮ್ 31 ಡಿಗ್ರಿ ಇತ್ತು. ಶಾಖ ಏರುತ್ತಾ ಹೋಗಿ 83ಕ್ಕೆ ಬಂದು ಅಲ್ಲೇ ನಿಂತಿತು. ಫ್ಯಾನ್ ಶೇ. 90 ದಾಟಿತ್ತು. ವೇಗ ಮಾತ್ರ 1,860 ಮೆಗಾಹರ್ಟ್ಸ್‌ನಿಂದ ಇಳಿಯುತ್ತಾ 1,500ರ ಹತ್ತಿರ ಬಂದಿತ್ತು.

ಇಲ್ಲೇ ಜನ ಮೋಸ ಹೋಗುತ್ತಾರೆ. 83 ಅಂದರೆ ಅಪಾಯವೇನಿಲ್ಲ, ಕಾರ್ಡ್ 93ರವರೆಗೂ ತಡೆಯುತ್ತದೆ ಅಲ್ವಾ ಅನ್ನಿಸುತ್ತದೆ. ಆದರೆ ಅದು 83ರಲ್ಲಿ ನಿಂತದ್ದು ತಣ್ಣಗಾಗಿ ಅಲ್ಲ. ಅದಕ್ಕಿಂತ ಬಿಸಿ ಆಗದಿರಲಿ ಅಂತ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಆ ಇಳಿತವೇ ಗಿರಾಕಿಗಳು ಹೇಳುತ್ತಿದ್ದ ತಡವರಿಕೆ. ಶಾಖ ಒಂದನ್ನೇ ಬರೆದರೆ ಇದು ಗೊತ್ತಾಗುವುದೇ ಇಲ್ಲ. ಪಕ್ಕದಲ್ಲಿ ವೇಗ ಮತ್ತು ಫ್ಯಾನ್ ಎರಡನ್ನೂ ಬರೆಯಬೇಕು. ನಿಮ್ಮ ಹಾಳೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಇನ್ನು ಧೂಳು. ಮಷಿನ್ ಆಫ್ ಮಾಡಿ, ವೈರ್ ಕಿತ್ತು, ಪಕ್ಕದ ಗ್ಲಾಸ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಗ್ಲಾಸ್ ಫಳಫಳ ಹೊಳೆಯುತ್ತಿತ್ತು, ಅದನ್ನು ಪ್ರತಿ ವಾರ ಒರೆಸಿದ್ದಾರೆ. ಮುಂದಿನ ಜಾಲರಿಯ ಹೊರಗೂ ಬಟ್ಟೆ ಆಡಿಸಿದ್ದಾರೆ. ಆದರೆ ಜಾಲರಿ ಹಿಂದಿನ ಫಿಲ್ಟರನ್ನು ಯಾರೂ ಎಳೆದು ತೆಗೆದಿಲ್ಲ. ಗ್ರಾಫಿಕ್ಸ್ ಕಾರ್ಡ್‌ನ ಫ್ಯಾನ್‌ಗಳ ಹಿಂದೆ, ಅಲ್ಯೂಮಿನಿಯಂ ಪದರಗಳ ಬಾಯಿಗೆ ಬೂದು ಬಣ್ಣದ ಧೂಳು ಹಳೇ ದಿಂಬಿನ ಹತ್ತಿಯಂತೆ ಗಟ್ಟಿಯಾಗಿ ಕೂತಿತ್ತು. ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಒಳಗೆ ಹೋಗಲು ದಾರಿಯೇ ಇರಲಿಲ್ಲ. ನಮ್ಮ ಮುಂದಿನ ರಸ್ತೆಯ ಕಾಮಗಾರಿ ಇನ್ನೂ ಮುಗಿದಿಲ್ಲ, ಧೂಳು ಜಾಸ್ತಿ ಇದೆ ಅಂತ ಒಪ್ಪಂದದ ದಿನವೇ ನಿಮಗೆ ಹೇಳಿದ್ದೆ.

ಬ್ರಷ್ ಮತ್ತು ಬ್ಲೋವರ್‌ನಿಂದ ಅದನ್ನು ತೆಗೆದು, ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಿದೆ. ಅದೇ ಗೇಮ್, ಅದೇ ಅರ್ಧ ಗಂಟೆ, ರೂಮ್ ಅದೇ 31. ಈ ಸಲ ಶಾಖ 70 ದಾಟಲಿಲ್ಲ. ಫ್ಯಾನ್ ಶೇ. 60ರ ಒಳಗೇ ಇತ್ತು, ವೇಗ 1,860ರಲ್ಲಿ ಗಟ್ಟಿಯಾಗಿ ನಿಂತಿತು. ಹೋಗಿದೆ ಅಂತ ನೀವು ಹೇಳಿದ ಕಾರ್ಡ್ ಇದೇ.

ಧೂಳಿನಲ್ಲೇ ಇನ್ನೊಂದು ಮಾತಿದೆ. ಹೋದ ತಿಂಗಳು ನಿಮ್ಮವರು 2ನೇ ಮಷಿನ್‌ಗೆ ಬ್ಲೋವರ್ ಹಿಡಿದಾಗ ಪ್ರೊಸೆಸರ್ ಫ್ಯಾನ್ ರೆಕ್ಕೆಯನ್ನು ಕೈಯಲ್ಲಿ ಹಿಡಿದುಕೊಳ್ಳಲಿಲ್ಲ. ಗಾಳಿಯ ರಭಸಕ್ಕೆ ಅದು ಕಿರುಚುತ್ತಾ ತಿರುಗಿದ್ದು ನಾನು ಪಕ್ಕದಲ್ಲೇ ನಿಂತು ಕೇಳಿದೆ. ತನ್ನ ಮಿತಿಗಿಂತ ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ತಿರುಗುವ ಮೋಟಾರ್ ತಾನೇ ಕರೆಂಟ್ ಹುಟ್ಟಿಸುವುದರಿಂದ ಅದು ಬೋರ್ಡ್ ಕಡೆಗೂ ಹೋಗಬಹುದು. ಆವತ್ತಿನಿಂದ ಆ ಫ್ಯಾನ್ ಗರಗರ ಅನ್ನುತ್ತಿದೆ. ಒಂದು ಬೆರಳು ಇಟ್ಟು ರೆಕ್ಕೆ ಹಿಡಿದಿದ್ದರೆ ಸಾಕಿತ್ತು.

ಅಪ್‌ಡೇಟ್ ಮತ್ತು ಖಾಲಿ ಜಾಗ ಹಾಳೆಯಲ್ಲಿ ಬೇರೆ ಬೇರೆ ಸಾಲು, ಆದರೆ ಈ ಮಷಿನ್‌ನಲ್ಲಿ ಅವೆರಡೂ ಒಂದೇ ಕಾಯಿಲೆ. "ಅಪ್‌ಡೇಟ್: ಆಗಿದೆ" ಅಂತ ಟಿಕ್ ಇದೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ Update history ತೆಗೆದು ನೋಡಿದರೆ ಒಂದೇ ಅಪ್‌ಡೇಟ್ ಮತ್ತೆ ಮತ್ತೆ ಫೇಲ್ ಆಗಿದೆ, ಪ್ರತಿ ಸಲವೂ 0x80070070 ಅನ್ನುವ ಕೋಡ್. ಡಿಸ್ಕ್‌ನಲ್ಲಿ ಜಾಗ ಇಲ್ಲ ಅನ್ನುವುದೇ ಅದರ ಅರ್ಥ. ಅಪ್‌ಡೇಟ್ ಬಟನ್ ಒತ್ತಿ ಎದ್ದು ಹೋದರೆ ಇದು ಕಾಣುವುದಿಲ್ಲ. ರೀಸ್ಟಾರ್ಟ್ ಮಾಡಿ, ಹಿಸ್ಟರಿಯಲ್ಲಿ ಅದು ಕೂತಿದೆಯಾ ಅಂತ ನೋಡಿದಾಗ ಮಾತ್ರ ಅಪ್‌ಡೇಟ್ ಆಯಿತು ಅನ್ನಬಹುದು.

ಅದೇ ಹಾಳೆಯಲ್ಲಿ "ಖಾಲಿ ಜಾಗ: 612 ಜಿಬಿ" ಅಂತ ಬರೆದಿದೆ. ಅದು ಗೇಮ್‌ಗಳಿರುವ D ಡ್ರೈವ್‌ನ ಲೆಕ್ಕ. ವಿಂಡೋಸ್ ಇರುವ C ಡ್ರೈವ್ 240 ಜಿಬಿಯ ಎಸ್‌ಎಸ್‌ಡಿ, ವಿಂಡೋಸ್ ಅದನ್ನು 223 ಜಿಬಿ ಅಂತ ತೋರಿಸುತ್ತದೆ. ಅದರಲ್ಲಿ ಉಳಿದಿದ್ದದ್ದು 3 ಜಿಬಿಗೂ ಕಡಿಮೆ. D ಯಲ್ಲಿ ಎಷ್ಟೇ ಜಾಗ ಇದ್ದರೂ ವಿಂಡೋಸ್ ಅಪ್‌ಡೇಟ್‌ಗೆ ಬೇಕಾಗಿದ್ದು C ಯಲ್ಲಿ. ಯಾವುದು ತಿಂದಿದೆ ಅಂತ ಹುಡುಕಿದರೆ ಹೆಚ್ಚಿನದೆಲ್ಲ Videos ಫೋಲ್ಡರ್ ಒಳಗಿನ Captures ನಲ್ಲಿತ್ತು. ಹುಡುಗರು ಗೇಮ್ ಬಾರ್‌ನಲ್ಲಿ ರೆಕಾರ್ಡ್ ಮಾಡಿದ ಆಟದ ವಿಡಿಯೋಗಳು ತಾವಾಗೇ ಅಲ್ಲಿ ಸೇರುತ್ತವೆ. ಅವನ್ನು D ಗೆ ಸಾಗಿಸಿದ ಮೇಲೆ C ಯಲ್ಲಿ 118 ಜಿಬಿ ಖಾಲಿ ಆಯಿತು. ಸಿಕ್ಕಿಕೊಂಡಿದ್ದ ಅಪ್‌ಡೇಟ್ ಅವತ್ತೇ ಇನ್‌ಸ್ಟಾಲ್ ಆಯಿತು. ಎಸ್‌ಎಸ್‌ಡಿ ತುಂಬಿ ತುಳುಕುತ್ತಿದ್ದರೆ ಬರೆಯುವ ವೇಗವೂ ಬೀಳುತ್ತದೆ. ಐದರಲ್ಲಿ ಒಂದು ಭಾಗವಾದರೂ ಖಾಲಿ ಬಿಡುವುದು ಒಳ್ಳೆಯದು, ಅಂದರೆ ಈ ಡ್ರೈವ್‌ನಲ್ಲಿ ಸುಮಾರು 45 ಜಿಬಿ.

ನಿಮ್ಮ ಟೆಕ್ನಿಷಿಯನ್ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ಬೆಳಿಗ್ಗೆ ಅವರಿಗೆ ಎಷ್ಟೋ ಕಡೆ ಹೋಗಬೇಕು, ಪಾಪ. ತಪ್ಪು ಹಾಳೆಯಲ್ಲೇ ಇದೆ. ಅದರಲ್ಲಿ ಪ್ರತಿ ವಾರ "ಪೂರ್ತಿ ಧೂಳು ಸ್ವಚ್ಛ" ಅಂತ ಇದೆ. ಎಲ್ಲ ಮಷಿನ್ ಬಿಚ್ಚಿ ಪ್ರತಿ ವಾರ ಧೂಳು ಹೊಡೆಯಲು ಯಾರಿಗೂ ಆಗುವುದಿಲ್ಲ, ಅದರ ಅಗತ್ಯವೂ ಇಲ್ಲ. ಆಗದ ಕೆಲಸ ಬರೆದಿಟ್ಟರೆ ಟಿಕ್ ಹಾಕುವುದೊಂದೇ ದಾರಿ ಉಳಿಯುತ್ತದೆ. ವಾರಕ್ಕೊಮ್ಮೆ ಫಿಲ್ಟರ್ ತೆಗೆದು ಕೊಡವಿ, ಟಾರ್ಚ್ ಬಿಟ್ಟು ಒಳಗೆ ನೋಡಿದರೆ ಸಾಕು. ತಿಂಗಳಿಗೊಮ್ಮೆ ಪಕ್ಕ ಬಿಚ್ಚಿ ರೆಕ್ಕೆ ಹಿಡಿದು ಬ್ಲೋವರ್ ಹೊಡೆಯಲಿ. ಅದೇ ರೀತಿ ಬಯೋಸ್ ಅಪ್‌ಡೇಟ್ ವಾರದ ಹಾಳೆಯಲ್ಲಿ ಇರಲೇಬಾರದು. ಚೆನ್ನಾಗಿ ಓಡುತ್ತಿರುವ ಮಷಿನ್‌ಗೆ, ಅದೂ ನಮ್ಮಲ್ಲಿ ಕರೆಂಟ್ ಹೋಗಿ ಬರುವಾಗ, ಅದನ್ನು ಮುಟ್ಟುವುದು ಅಪಾಯ.

ಟೆಂಪರೇಚರ್ ಸಾಲಿನಲ್ಲಿ ರೂಮ್ ಶಾಖ ಬರೆಯಲು ಒಂದು ಖಾನೆ ಬೇಕೇ ಬೇಕು. ರೂಮ್ ಎಷ್ಟು ಬಿಸಿಯಾಗುತ್ತದೋ ಕಾರ್ಡ್ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಈಗ ರೂಮ್ 31, ಕಾರ್ಡ್ 70. ನಡುವೆ 39 ಡಿಗ್ರಿ ಅಂತರ. ಡಿಸೆಂಬರ್‌ನಲ್ಲಿ ರೂಮ್ 24 ಆದಾಗ ಅದೇ ಗೇಮ್‌ನಲ್ಲಿ, ಅದೇ ಫ್ಯಾನ್ ವೇಗದಲ್ಲಿ, ಕಾರ್ಡ್ ಸುಮಾರು 63 ತೋರಿಸಬೇಕು. ಆಗ 72 ತೋರಿಸಿದರೆ ಹಾಳೆ ನೋಡಿದವರು "ಬೇಸಿಗೆಯಲ್ಲೂ 70 ಇತ್ತಲ್ಲ, ಸರಿಯಾಗೇ ಇದೆ" ಅಂದುಬಿಡುತ್ತಾರೆ. ಆದರೆ ಅಂತರ 39ರಿಂದ 48ಕ್ಕೆ ಹೋಗಿದೆ, ಒಳಗೆ ಮತ್ತೆ ಧೂಳು ಕಟ್ಟಿದೆ ಅಂತ ಅರ್ಥ. ಫಿಲ್ಟರ್, ಪದರ ಎಲ್ಲ ಸ್ವಚ್ಛ ಇದ್ದೂ ಅಂತರ ಜಾಸ್ತಿ ಆಗಿದ್ದರೆ ಆಗ ಥರ್ಮಲ್ ಪೇಸ್ಟ್ ಒಣಗಿದೆಯಾ ಅಂತ ಯೋಚಿಸಬಹುದು. ಹೊಸ ಕಾರ್ಡ್ ಮಾತು ಅದಕ್ಕೂ ಆಮೇಲಿನದು.

ನನ್ನ ಬೇಡಿಕೆಗಳು ಇವು. ಉಳಿದ ಎಲ್ಲ ಮಷಿನ್‌ಗಳನ್ನು ನನ್ನ ಎದುರಿಗೇ ಬಿಚ್ಚಿ ಸ್ವಚ್ಛ ಮಾಡಿಸಿ, ಮೊದಲು ಮತ್ತು ಆಮೇಲಿನ ಶಾಖ, ವೇಗ, ಫ್ಯಾನ್ ಅಂಕಿಗಳನ್ನು ಬರೆದುಕೊಡಿ. 2ನೇ ಮಷಿನ್‌ನ ಪ್ರೊಸೆಸರ್ ಫ್ಯಾನ್ ನಿಮ್ಮ ಖರ್ಚಿನಲ್ಲಿ ಬದಲಾಯಿಸಿ. ಹಾಳೆಯನ್ನು ಮೇಲೆ ಹೇಳಿದಂತೆ ತಿದ್ದಿ, C ಡ್ರೈವ್‌ನ ಜಾಗವನ್ನು ಪ್ರತ್ಯೇಕವಾಗಿ ಬರೆಯುವಂತೆ ಮಾಡಿ. ತಪಾಸಣೆಗೆ ಬೆಳಿಗ್ಗೆ ಬದಲು ಮಧ್ಯಾಹ್ನ, ಮಷಿನ್‌ಗಳು ಓಡುತ್ತಿರುವಾಗ ಬನ್ನಿ. ಕೆಲಸ ಆಗದೆ ಟಿಕ್ ಬಿದ್ದ ವಾರಗಳ ಹಣವನ್ನು ಮುಂದಿನ ಬಿಲ್‌ನಲ್ಲಿ ಕಳೆಯಿರಿ.

ಹಾಳೆಗಳ ಪ್ರತಿ, ಧೂಳಿನ ಫೋಟೋ, ಅಪ್‌ಡೇಟ್ ಹಿಸ್ಟರಿಯ ಸ್ಕ್ರೀನ್‌ಶಾಟ್, ಎರಡೂ ಸಲದ ಅಂಕಿಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಹದಿನೈದು ದಿನದೊಳಗೆ ಲಿಖಿತ ಉತ್ತರ ಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಈ ಸೆಂಟರ್ ನನ್ನ ಸ್ವಂತ ದುಡಿಮೆಯ ಜೀವನಾಧಾರ. ಹಾಗಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ.

ಮುಂದಿನ ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಮಷಿನ್‌ಗಳನ್ನು ಖಾಲಿ ಇಟ್ಟಿರುತ್ತೇನೆ. ಬ್ಲೋವರ್ ಜೊತೆ ಒಂದು ರೂಮ್ ಥರ್ಮಾಮೀಟರ್ ಕೂಡ ಕಳಿಸಿಕೊಡಿ.

ಇಂತಿ ನಿಮ್ಮ,
(ಸಹಿ)
ಮಾಲೀಕರು, ಗೇಮಿಂಗ್ ಸೆಂಟರ್
ದಾವಣಗೆರೆ