ಇಟಿಎಫ್ ಕೊಳ್ಳುವ ಮುನ್ನ iNAV ನೋಡಿ

ಎಲ್ಲರಿಗೂ ನಮಸ್ಕಾರ. ಸೋಮವಾರ ನಮ್ಮ ಗುಂಪಿನ ತಿಂಗಳ ಖರೀದಿ ಇದೆ. ನಾಸ್ಡಾಕ್ 100 ಇಟಿಎಫ್ ಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಿಫ್ಟಿ ಇಟಿಎಫ್ ಒಂದರ ಯೂನಿಟ್‌ನೊಳಗಿನ ಷೇರುಗಳ ಬೆಲೆ 250 ರೂಪಾಯಿ, ಮಾರುಕಟ್ಟೆಯಲ್ಲಿ ಯೂನಿಟ್ 255ಕ್ಕೆ ಹೋಗುತ್ತಿದೆ ಎಂದುಕೊಳ್ಳಿ. ಯೂನಿಟ್‌ಗಳನ್ನು ಸದಾ ಕೊಂಡು ಮಾರುವ ವ್ಯಾಪಾರಿಯಾದ ಮಾರ್ಕೆಟ್ ಮೇಕರ್ ನಿಫ್ಟಿಯ 50 ಕಂಪನಿಗಳ ಷೇರುಗಳನ್ನೂ ಸೂಚ್ಯಂಕದ ಪ್ರಮಾಣದಲ್ಲೇ ಕೊಂಡು ಫಂಡ್ ಸಂಸ್ಥೆಗೆ ಒಪ್ಪಿಸಿ, ಬದಲಿಗೆ, ಉದಾಹರಣೆಗೆ, 50,000 ಹೊಸ ಯೂನಿಟ್ ಪಡೆದು ಮಾರುತ್ತಾನೆ. ಖರ್ಚು ಲೆಕ್ಕಿಸದಿದ್ದರೆ ಅವನಿಗೆ ಎರಡೂವರೆ ಲಕ್ಷ ಲಾಭ. ಯೂನಿಟ್ ಹೆಚ್ಚಿದಂತೆ ಬೆಲೆ 250ರತ್ತ ಇಳಿಯುತ್ತದೆ. 246ಕ್ಕೆ ಬಿದ್ದರೆ ಉಲ್ಟಾ: ಯೂನಿಟ್ ಕೊಂಡು ಫಂಡ್‌ಗೆ ಮರಳಿಸಿ ಷೇರು ಪಡೆಯುತ್ತಾನೆ. ನಾವು ಹೀಗೆ ಮಾಡಲಾಗದು. ಫಂಡ್ ಸಂಸ್ಥೆಯ ಜೊತೆ ಹೂಡಿಕೆದಾರರು ನೇರವಾಗಿ ವ್ಯವಹರಿಸಲು ವ್ಯವಹಾರದ ಮೊತ್ತ 25 ಕೋಟಿ ರೂಪಾಯಿ ಮೇಲಿರಬೇಕು.

ನಾಸ್ಡಾಕ್ ಇಟಿಎಫ್‌ನಲ್ಲಿ ಈ ದಾರಿ ಕಟ್ಟಿಹೋಗಬಹುದು. ನಮ್ಮ ಮ್ಯೂಚುವಲ್ ಫಂಡ್‌ಗಳೆಲ್ಲ ಸೇರಿ ವಿದೇಶದಲ್ಲಿ ಹೂಡಲು 700 ಕೋಟಿ ಡಾಲರ್ ಮಿತಿಯಿದೆ. 2022ರ ಆರಂಭದಲ್ಲಿ ಅದು ತುಂಬುತ್ತಾ ಬಂದಾಗ ಹೊಸ ಹೂಡಿಕೆ ನಿಂತಿತು. ಹೊಸ ಯೂನಿಟ್ ಹುಟ್ಟದಿದ್ದರೆ ಇರುವಷ್ಟಕ್ಕೇ ಪೈಪೋಟಿ, ಬೆಲೆ ಏರಿಯೇ ಉಳಿಯುತ್ತದೆ. ಮಿತಿ ಸಡಿಲವಾದ ದಿನ ಆ ಹೆಚ್ಚುವರಿ ಹಣ ಕರಗಿಹೋಗುತ್ತದೆ.

ಆದ್ದರಿಂದ ಮೊದಲು ಫಂಡ್‌ನ ಜಾಲತಾಣದಲ್ಲಿ iNAV, ಅಂದರೆ ಯೂನಿಟ್‌ನೊಳಗಿನ ಷೇರುಗಳ ಆ ಹೊತ್ತಿನ ಅಂದಾಜು ಬೆಲೆ ನೋಡಿ, ಮಾರುಕಟ್ಟೆ ಬೆಲೆಯೊಂದಿಗೆ ಹೋಲಿಸಿ. ನಮ್ಮ ವಹಿವಾಟಿನ ಹೊತ್ತಿನಲ್ಲಿ ಅಮೆರಿಕದ ಮಾರುಕಟ್ಟೆ ಮುಚ್ಚಿರುವುದರಿಂದ ಒಂದು ಪರ್ಸೆಂಟ್ ವ್ಯತ್ಯಾಸ ಸಹಜ. ಬೆಲೆ iNAVಗಿಂತ ಐದು ಪರ್ಸೆಂಟ್‌ಗೂ ಮೇಲಿದ್ದರೆ ನನ್ನ ಪ್ರಕಾರ ಕೊಳ್ಳಲೇಬೇಡಿ. ಗರಿಷ್ಠ ಬೆಲೆಯನ್ನು ನೀವೇ ನಿಗದಿಪಡಿಸುವ ಲಿಮಿಟ್ ಆರ್ಡರ್ ಅನ್ನೇ ಹಾಕಿ.

ನೀವು ಕಂಡ ಬೆಲೆ, iNAV ಎರಡನ್ನೂ ಭಾನುವಾರ ಸಂಜೆಯೊಳಗೆ ಇಲ್ಲಿ ಹಾಕಿ.