ಉಪ್ಪುನೀರು ಸಿಹಿಯಾಗಲು ಎಷ್ಟು ಕರೆಂಟ್ ಬೇಕು?

ಮಾನ್ಯರೇ,

ಬೇಸಿಗೆ ಬಂದಾಗ ಮಂಗಳೂರಿನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಮಾತು ಏಳುತ್ತದೆ. ಒಳ್ಳೆಯ ಫಿಲ್ಟರ್ ಬಂದರೆ ಖರ್ಚು ತೀರಾ ಇಳಿಯುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಪೂರ್ತಿ ನಿಜವಲ್ಲ.

ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ನೀರನ್ನಷ್ಟೇ ದಾಟಿಸಿ ಉಪ್ಪನ್ನು ತಡೆಯುವ ತೆಳು ಪೊರೆಯೇ ಇಲ್ಲಿ ಫಿಲ್ಟರ್. ಸಮುದ್ರದ ನೀರು ಆ ಪೊರೆಯ ಆಚೆಗಿರುವ ಸಿಹಿನೀರನ್ನು ತನ್ನತ್ತ ಎಳೆಯುತ್ತದೆ. ಅದನ್ನು ತಡೆಯಲು ಬೇಕಾದ ಒತ್ತಡವೇ ಆಸ್ಮೋಟಿಕ್ ಒತ್ತಡ, ಸುಮಾರು 27 ಬಾರ್. ಕಾರಿನ ಟೈರಿನಲ್ಲಿರುವುದು ಎರಡು ಚಿಲ್ಲರೆ ಬಾರ್ ಅಷ್ಟೇ! ಸಮುದ್ರದ ನೀರನ್ನು ಪೊರೆಯ ಮೂಲಕ ಒತ್ತಿ ಸಿಹಿ ಮಾಡುವ ವಿಧಾನವಾದ ರಿವರ್ಸ್ ಆಸ್ಮೋಸಿಸ್‌ನಲ್ಲಿ ಈ 27 ಬಾರ್ ಮೀರಿ ಒತ್ತಿದರೆ ಮಾತ್ರ ನೀರು ಹಿಂದಕ್ಕೆ ಹರಿಯುತ್ತದೆ. ಲೆಕ್ಕ ಹಾಕಿದರೆ ಸಾವಿರ ಲೀಟರಿಗೆ ಕನಿಷ್ಠ 0.75 ಯೂನಿಟ್ ವಿದ್ಯುತ್. ಪೊರೆ ಎಷ್ಟೇ ಚೆನ್ನಾಗಿರಲಿ, ಇದಕ್ಕಿಂತ ಕಡಿಮೆ ಆಗುವುದಿಲ್ಲ.

ಅಷ್ಟರಲ್ಲೇ ಮುಗಿಯುವುದೂ ಇಲ್ಲ. ಅರ್ಧ ನೀರು ತೆಗೆದರೆ ಉಳಿದ ನೀರಿನ ಉಪ್ಪು ಇಮ್ಮಡಿಯಾಗುತ್ತದೆ, ಅದರ ಆಸ್ಮೋಟಿಕ್ ಒತ್ತಡವೂ 54 ಬಾರ್ ದಾಟುತ್ತದೆ. ಒಂದೇ ಹಂತದಲ್ಲಿ ಒತ್ತುವ ಪಂಪು ಮೊದಲಿನಿಂದಲೇ ಅದಕ್ಕಿಂತ ಜಾಸ್ತಿ ಒತ್ತಡ ಕೊಡಬೇಕು. ಆಗ ಕನಿಷ್ಠವೇ 1.5 ಯೂನಿಟ್. ಅದೂ ಹೊರಹೋಗುವ ಉಪ್ಪುನೀರಿನ ಒತ್ತಡವನ್ನು ಪೂರ್ತಿ ಮರಳಿ ಪಡೆದರೆ ಮಾತ್ರ. ಕಡಿಮೆ ನೀರು ತೆಗೆದರೆ ಒತ್ತಡ ಇಳಿಯುತ್ತದೆ, ನಿಜ. ಆದರೆ ಹೆಚ್ಚು ನೀರನ್ನು ಎತ್ತಿ, ಶುದ್ಧ ಮಾಡಬೇಕು. ಇದೆಲ್ಲ ಸೇರಿ ಇಂದಿನ ಒಳ್ಳೆಯ ಘಟಕಗಳಲ್ಲೂ 3ರಿಂದ 4 ಯೂನಿಟ್ ಬೇಕು.

ಹಾಗಾಗಿ ಯಾರಾದರೂ ಅರ್ಧ ಯೂನಿಟ್‌ನಲ್ಲಿ ಸಾವಿರ ಲೀಟರ್ ಕೊಡುತ್ತೇವೆ ಎಂದರೆ ನಂಬಬೇಡಿ. ಯೋಜನೆ ತರುವವರು ಯೂನಿಟ್ ಲೆಕ್ಕವನ್ನು ಮೊದಲೇ ಜನರ ಮುಂದಿಡಲಿ.

– ಓದುಗ, ಮಂಗಳೂರು