ಹುಡ್, ಡಕ್ಟ್ ದರ ಬದಲಾದ ಬಗ್ಗೆ ನಮ್ಮ ಫುಡ್ ಕೋರ್ಟ್ ಗ್ರಾಹಕರಿಗೆ

ಆತ್ಮೀಯರೇ,

ಮುಂದಿನ ತಿಂಗಳಿಂದ ಫುಡ್ ಕೋರ್ಟ್ ಅಡುಗೆಮನೆಗೆ ಬರೀ ಹುಡ್ ಮತ್ತು ಎಕ್ಸಾಸ್ಟ್ ಫ್ಯಾನಿನ ಕೊಟೇಶನ್ ಕೊಡುವುದಿಲ್ಲ. ಫ್ರೆಶ್ ಏರ್ ಫ್ಯಾನ್ ಹಾಗೂ ಪೂರ್ತಿ ವೆಲ್ಡಿಂಗ್ ಮಾಡಿದ ಡಕ್ಟ್ ಸೇರಿಸಿಯೇ ದರ ಹೇಳುತ್ತೇವೆ. ಹಳೆಯ ದರ ನಂಬಿ ಲೆಕ್ಕ ಹಾಕಿಕೊಂಡವರು ದಯವಿಟ್ಟು ಕ್ಷಮಿಸಬೇಕು.

‘ಹೊಗೆ ಹೊರಗೆ ಹಾಕ್ರಿ ಅಂದ್ರೆ, ಒಳಗೆ ಗಾಳಿ ಊದೋ ಫ್ಯಾನಿಗೂ ರೊಕ್ಕ ಕೇಳ್ತೀರಲ್ಲ?’ ದಾವಣಗೆರೆಯಲ್ಲಿ ಎಲ್ಲಿ ಹೋದರೂ ಇದೇ ಮಾತು. ಒಂದು ಬೆಣ್ಣೆ ದೋಸೆ ಮಳಿಗೆಯ ಲೆಕ್ಕ ನೋಡಿ. ಕಾವಲಿ ಮೇಲಿನ ಹುಡ್ 6 ಅಡಿ ಉದ್ದ, ಮೂರೂವರೆ ಅಡಿ ಅಗಲ. ಅಂದರೆ 21 ಚದರಡಿ. ಚದರಡಿಗೆ ನಿಮಿಷಕ್ಕೆ ಸುಮಾರು 100 ಘನ ಅಡಿ ಎಳೆದರೆ ಹೊಗೆ ಅಂಚಿನಿಂದ ಚೆಲ್ಲುವುದಿಲ್ಲ. ಹಾಗಾಗಿ 2,100 ಸಿಎಫ್‌ಎಂ ಬೇಕು. ಅಂಥ ಆರು ಮಳಿಗೆಗೆ 12,600. ಇಷ್ಟು ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಲೇಬೇಕು. ನಾವು ದಾರಿ ಮಾಡದಿದ್ದರೆ ಹಾಲ್‌ನ ಎಸಿ ಗಾಳಿ, ಶೌಚಾಲಯದ ವಾಸನೆ ಎಲ್ಲ ಅಡುಗೆಮನೆಯತ್ತ ನುಗ್ಗುತ್ತವೆ. ಅದೂ ಸಾಲದಾದಾಗ ಫ್ಯಾನ್ ತಿರುಗುತ್ತಲೇ ಇರುತ್ತದೆ, ಎಳೆತ ಮಾತ್ರ ಕುಗ್ಗುತ್ತದೆ. ಬಾಗಿಲು ತೆರೆಯಲು ಬಿಗಿಯಾಗುತ್ತದೆ, ಒಲೆಯ ಉರಿ ಒಂದು ಕಡೆ ವಾಲುತ್ತದೆ. ಹಿಂಬಾಗಿಲು ತೆರೆದ ಕೂಡಲೇ ಹೊಗೆ ಸರಾಗ ಏರಿದರೆ ಕೊರತೆ ಒಳಬರುವ ಗಾಳಿಯದ್ದೇ. ಆಗ ಎಕ್ಸಾಸ್ಟ್ ಫ್ಯಾನಿನ ವೇಗ 20% ಏರಿಸಿದರೆ ಕರೆಂಟು ಸುಮಾರು 70% ಹೆಚ್ಚು ಎಳೆಯುತ್ತದೆ, ಹೊಗೆ ಅಲ್ಲೇ ಉಳಿಯುತ್ತದೆ.

ಹೊರಹೋಗುವ ಗಾಳಿಯ 80ರಿಂದ 85% ಭಾಗವನ್ನು ಫ್ರೆಶ್ ಏರ್ ಫ್ಯಾನಿನಿಂದ ತರುತ್ತೇವೆ. ಉಳಿದದ್ದು ಹಾಲ್ ಕಡೆಯಿಂದ ಬರಬೇಕು, ಇಲ್ಲದಿದ್ದರೆ ಮಿರ್ಚಿ ಎಣ್ಣೆಯ ಘಾಟು ಗಿರಾಕಿಗಳ ಮೇಜಿಗೆ ಹೋಗುತ್ತದೆ. ತಂದ ಗಾಳಿಯನ್ನು ಕಾವಲಿ ಮೇಲೆ ರಭಸವಾಗಿ ಬಿಡುವಂತಿಲ್ಲ. ತೂತಿನ ಶೀಟಿನಿಂದ ಅಗಲಕ್ಕೆ ಹರಡಿ ಮೆಲ್ಲಗೆ ಬಿಡಬೇಕು, ಇಲ್ಲವಾದರೆ ಅದೇ ಗಾಳಿ ಹೊಗೆಯನ್ನು ಹುಡ್‌ನಿಂದ ಆಚೆ ತಳ್ಳುತ್ತದೆ.

ಇನ್ನು ಡಕ್ಟ್. ತೆಳು ಜಿಐ ಶೀಟ್ ಮಡಚಿ ಕೂಡಿಸಿದ್ದು ಅಗ್ಗ ನಿಜ, ಆದರೆ ಆ ಮಡಿಕೆಯಿಂದ ಜಿಡ್ಡು ಜಿನುಗಿ ಫಾಲ್ಸ್ ಸೀಲಿಂಗ್ ಮೇಲೆ ಕೂರುತ್ತದೆ. ಬೆಂಕಿ ಹತ್ತಿದರೆ ಮೊದಲು ಬಿಚ್ಚಿಕೊಳ್ಳುವುದೂ ಅದೇ. ನಾವು ಹಾಕುವುದು 16 ಗೇಜ್ ಕಬ್ಬಿಣದ ಶೀಟ್, ಹೊರಗಿನಿಂದ ಎಡೆಬಿಡದೆ ವೆಲ್ಡಿಂಗ್. ಅಡಿಗೆ ಕಾಲು ಇಂಚು ಇಳಿಜಾರು, ಪ್ರತಿ ತಿರುವಿನಲ್ಲೂ, ಮಲಗಿದ ಡಕ್ಟಿನಲ್ಲಿ 12 ಅಡಿಗೊಂದರಂತೆಯೂ ಶುಚಿ ಮಾಡುವ ಬಾಗಿಲು. ಶೀಟಿನ ತೂಕ ಮತ್ತು ವೆಲ್ಡರ್ ಕೂಲಿಯೇ ಬಿಲ್ಲಿನ ದೊಡ್ಡ ಪಾಲು. ಅದನ್ನು ನಮ್ಮ ಲಾಭ ಅಂತ ಲೆಕ್ಕ ಹಾಕಿದಾಗ ನಿಜಕ್ಕೂ ನೋವಾಗುತ್ತದೆ. ಕತ್ತಲು ಮಾಡಿ ಡಕ್ಟಿನೊಳಗೆ 100 ವಾಟ್ ಬಲ್ಬ್ ಹಾಯಿಸಿ, ಸೂಜಿಮೊನೆಯಷ್ಟು ಬೆಳಕು ಕಂಡರೂ ಮತ್ತೆ ವೆಲ್ಡಿಂಗ್ ಮಾಡದೆ ನಾವು ಡಕ್ಟ್ ಮೇಲೇರಿಸುವುದಿಲ್ಲ. ಬೇಕಿದ್ದರೆ ನಿಂತು ನೋಡಿ.

ಕೊಟೇಶನ್‌ಗೆ ಮೊದಲು ಮಧ್ಯಾಹ್ನದ ರಶ್ ಹೊತ್ತಿಗೆ ನಾವೇ ಬರುತ್ತೇವೆ. ಹುಡ್ ಅಂಚಿಗೆ ಊದಿನಕಡ್ಡಿ ಹಿಡಿದು ಹೊಗೆ ಯಾವ ಕಡೆ ಹೋಗುತ್ತದೆ ಎಂದು ನಿಮ್ಮೆದುರೇ ತೋರಿಸುತ್ತೇವೆ, ಅದಕ್ಕೆ ಚಾರ್ಜ್ ಇಲ್ಲ. ಈಗಿರುವ ಫ್ಯಾನ್ ಸಾಕಾದರೆ ಅದನ್ನೇ ಉಳಿಸಿಕೊಂಡು ಅಷ್ಟು ಹಣ ಬಿಲ್ಲಿನಿಂದ ಕಳೆಯುತ್ತೇವೆ.

ಇಂತಿ ನಿಮ್ಮವರು,
ವರ್ಕ್‌ಶಾಪ್ ಬಳಗ, ದಾವಣಗೆರೆ